ತೆರಿಗೆ ಟಿವಿಗೆ ಇಳಿಯಿತು, ಫ್ರಿಜ್ಜಿಗೆ ಇಳಿಯಲಿಲ್ಲ

2025ರ ಸೆಪ್ಟೆಂಬರ್ 21ಕ್ಕೆ ಮಹಾಲಯ ಅಮಾವಾಸ್ಯೆ ಮುಗಿಯಿತು. ಮರುದಿನ ಸೋಮವಾರ ನವರಾತ್ರಿಯ ಪಾಡ್ಯ, ಅಂದೇ ಹೊಸ ಜಿಎಸ್‌ಟಿ ದರಗಳೂ ಜಾರಿಗೆ ಬಂದವು. ಪಿತೃಪಕ್ಷದ ಹದಿನೈದು ದಿನ ಹಳೇಕೋಟೆ ಹೋಬಳಿಯಲ್ಲಾಗಲಿ ಹೊಳೆನರಸೀಪುರದ ಪೇಟೆಯಲ್ಲಾಗಲಿ ಯಾರೂ ಹೊಸ ಸಾಮಾನು ಮನೆಗೆ ತರುವುದಿಲ್ಲ. ಗೃಹೋಪಯೋಗಿ ವಸ್ತುಗಳ ಅಂಗಡಿಯವರು ಆ ದಿನಗಳಲ್ಲಿ ಧೂಳು ಹೊಡೆದುಕೊಂಡು ಕೂತಿರುತ್ತಾರೆ. ಆ ವರ್ಷ ಬರಗಾಲ ಇನ್ನೂ ಉದ್ದವಾಗಿತ್ತು. ಆಗಸ್ಟ್ 15ರ ಭಾಷಣದಲ್ಲೇ ಪ್ರಧಾನಿಯವರು ತೆರಿಗೆ ಇಳಿಸುವ ಮಾತಾಡಿದ್ದರಿಂದ, ದೊಡ್ಡ ಟಿವಿ ಕೊಳ್ಳುವವರು ಗಣೇಶನ ಹಬ್ಬಕ್ಕೂ ಕೊಳ್ಳದೆ ಕಾದರು. ಸೆಪ್ಟೆಂಬರ್ 3ಕ್ಕೆ ಜಿಎಸ್‌ಟಿ ಮಂಡಳಿ ತೀರ್ಮಾನ ಮಾಡಿತು. ಪಕ್ಷ ಕಳೆದು ಹಬ್ಬವೂ ತೆರಿಗೆ ಇಳಿಕೆಯೂ ಒಂದೇ ಬೆಳಗ್ಗೆ ಬಂದವು. ಇಂಥ ಹೊತ್ತಿನಲ್ಲಿ ಅಂಗಡಿಯವನ ಬಾಯಲ್ಲಿ ಮೊದಲು ಬರುವ ಸಾಲು ಯಾವುದೆಂದು ಹೇಳಬೇಕಾಗಿಲ್ಲ: ‘ಜಿಎಸ್‌ಟಿ ಇಳಿಕೆ! ಎಲ್ಲ ವಸ್ತುಗಳ ಮೇಲೆ 10 ಪರ್ಸೆಂಟ್ ಉಳಿತಾಯ!’

ಈ ಸಾಲಿನಲ್ಲಿ ಎರಡು ತಪ್ಪಿವೆ. ಅಂದು ಶೇ 28ರಿಂದ ಶೇ 18ಕ್ಕೆ ಇಳಿದದ್ದು ಏಸಿ, 32 ಇಂಚಿಗಿಂತ ದೊಡ್ಡ ಟಿವಿ, ಪಾತ್ರೆ ತೊಳೆಯುವ ಯಂತ್ರ ಮುಂತಾದ ಕೆಲವಕ್ಕೆ ಮಾತ್ರ. ಫ್ರಿಜ್, ವಾಷಿಂಗ್ ಮಷಿನ್, ಮಿಕ್ಸಿ ಇವೆಲ್ಲ 2018ರ ಜುಲೈಯಿಂದಲೇ ಶೇ 18ರಲ್ಲಿದ್ದವು, ಹಾಗೇ ಉಳಿದವು. ಹಳೇಕೋಟೆಯಂಥ ಊರಿನಲ್ಲಿ ಹಬ್ಬಕ್ಕೆ ಹೆಚ್ಚು ಹೋಗುವುದೇ ಫ್ರಿಜ್ಜು ಮತ್ತು ಮಿಕ್ಸಿ. ಅಲ್ಲಿಗೆ ‘ಎಲ್ಲ ವಸ್ತುಗಳ ಮೇಲೆ’ ಎಂಬ ಮಾತು ಸುಳ್ಳಾಯಿತು.

ಎರಡನೆಯ ತಪ್ಪು ಟಿವಿಯದೇ ಲೆಕ್ಕದಲ್ಲಿದೆ. 32,000 ರೂಪಾಯಿಗೆ ಮಾರುತ್ತಿದ್ದ 43 ಇಂಚಿನ ಟಿವಿಯೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಆ ಬೆಲೆಯಲ್ಲಿ ತೆರಿಗೆ ಸೇರಿದೆ. 32,000ವನ್ನು 1.28ರಿಂದ ಭಾಗಿಸಿದರೆ ಅಸಲು 25,000. ಅದರ ಮೇಲೆ ಶೇ 18 ಹಾಕಿದರೆ 29,500. ಗಿರಾಕಿಗೆ ಉಳಿಯುವುದು 2,500 ರೂಪಾಯಿ, ಅಂದರೆ ಹಳೇ ಬೆಲೆಯ ಮೇಲೆ ಶೇ 7.8. ‘ಹತ್ತು ಪರ್ಸೆಂಟ್’ ಎಂದು ಓದಿದವನು 3,200 ಬಿಡುತ್ತಾರೆಂದು ಲೆಕ್ಕ ಹಾಕಿಕೊಂಡೇ ಅಂಗಡಿ ಮೆಟ್ಟಿಲು ಹತ್ತುತ್ತಾನೆ. ಏಳುನೂರು ರೂಪಾಯಿಯ ಜಗಳ ಕಾಗದದಲ್ಲೇ ಅಚ್ಚಾಗಿ ಹೋಗಿರುತ್ತದೆ. ತೆರಿಗೆಯ ದರ ಹತ್ತು ಅಂಶ ಇಳಿದದ್ದು ನಿಜ, ಬೆಲೆ ಅಷ್ಟು ಇಳಿಯಲಿಲ್ಲ. ಜಾಹೀರಾತಿನಲ್ಲಿ ಪರ್ಸೆಂಟ್ ಬಿಟ್ಟು ರೂಪಾಯಿಯಲ್ಲೇ ಮಾತಾಡಿದರೆ ಈ ರಗಳೆ ಹುಟ್ಟುವುದೇ ಇಲ್ಲ.

ಆದ್ದರಿಂದ ಹಬ್ಬದ ಜಾಹೀರಾತು ಬರೆಯಲು ಕೂತವನು ಮೊದಲು ಪ್ರಾಸ ಹುಡುಕಬಾರದು, ಒಂದು ಚೀಟಿ ಮಾಡಿಕೊಳ್ಳಬೇಕು. ಯಾವ ಸಾಮಾನು, ಎಷ್ಟು ರೂಪಾಯಿ, ಯಾವತ್ತಿನವರೆಗೆ, ಯಾವ ಷರತ್ತಿನ ಮೇಲೆ ಎಂಬುದಷ್ಟು ಅದರಲ್ಲಿದ್ದರೆ ಸಾಕು. ಇಲ್ಲಿಯ ಉದಾಹರಣೆಗೆ ಹೀಗಿಟ್ಟುಕೊಳ್ಳುತ್ತೇನೆ. 43 ಇಂಚಿನ ಟಿವಿ, 32,000 ಇದ್ದದ್ದು ತೆರಿಗೆ ಇಳಿದು 29,500. 190 ಲೀಟರಿನ ಒಂದು ಬಾಗಿಲ ಫ್ರಿಜ್, 16,500 ಇದ್ದದ್ದು ಅಂಗಡಿಯವರೇ ಸಾವಿರ ಬಿಟ್ಟು 15,500. 750 ವ್ಯಾಟ್‌ನ ಮೂರು ಜಾರಿನ ಮಿಕ್ಸಿ 4,200, ಹಳೇ ಮಿಕ್ಸಿ ಕೊಟ್ಟರೆ 3,600. ಸೆಪ್ಟೆಂಬರ್ 22ರಿಂದ ವಿಜಯದಶಮಿವರೆಗೆ, ಅಂದರೆ ಅಕ್ಟೋಬರ್ 2ರವರೆಗೆ. ಹೋಬಳಿಯೊಳಗೆ ಮನೆಗೆ ತಲುಪಿಸುವುದಕ್ಕೆ ಬಾಡಿಗೆ ಇಲ್ಲ. ಬೆಲೆಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ಅಂಗಡಿಯ ಹೆಸರನ್ನು ಬೇಕೆಂದೇ ಖಾಲಿ ಬಿಟ್ಟಿದ್ದೇನೆ.

‘ಇದ್ದದ್ದು’ ಎಂದು ಬರೆಯುವ ಬೆಲೆ ಯಾವುದು ಎಂಬುದನ್ನೂ ಚೀಟಿ ಮಾಡುವಾಗಲೇ ಗಟ್ಟಿ ಮಾಡಿಕೊಳ್ಳಬೇಕು. ಫ್ರಿಜ್ಜಿನ ಪೆಟ್ಟಿಗೆಯ ಮೇಲಿನ ಎಂಆರ್‌ಪಿ 22,000 ಇರಬಹುದು. ಆ ಬೆಲೆಗೆ ಅದನ್ನು ವರ್ಷದಲ್ಲಿ ಯಾವ ಅಂಗಡಿಯವನೂ ಮಾರಿರುವುದಿಲ್ಲ. 22,000ಕ್ಕೆ ಗೀಟು ಎಳೆದು ಕೆಳಗೆ 15,500 ಬರೆದರೆ ಆರೂವರೆ ಸಾವಿರ ಬಿಟ್ಟಂತೆ ಕಾಣುತ್ತದೆ, ಬಿಟ್ಟದ್ದು ಒಂದೇ ಸಾವಿರ. ಆಷಾಢದಲ್ಲಿ ಅದೇ ಫ್ರಿಜ್ಜು 16,500ಕ್ಕೆ ಕೊಂಡ ನೆಂಟರು ಪಕ್ಕದ ಬೀದಿಯಲ್ಲೇ ಇರುತ್ತಾರೆ. ಬೆಂಗಳೂರಿನಲ್ಲಿ ಈ ಆಟ ನಡೆಯುತ್ತದೇನೋ, ಹೋಬಳಿ ಕೇಂದ್ರದಲ್ಲಿ ನಡೆಯುವುದಿಲ್ಲ. ಗೀಟು ಎಳೆಯುವುದಾದರೆ ನಿನ್ನೆಯವರೆಗೆ ನಿಜವಾಗಿ ಮಾರಿದ ಬೆಲೆಗೆ ಎಳೆಯಬೇಕು.

ಈ ಒಂದೇ ಚೀಟಿಯನ್ನು ಮೂರು ಧಾಟಿಯಲ್ಲಿ ಬರೆಯಬಹುದು. ನಮ್ಮ ಕಡೆ ಮೂರೂ ಬೇಕಾಗುತ್ತವೆ, ಏಕೆಂದರೆ ಜಾಹೀರಾತು ಮೂರು ದಾರಿಯಲ್ಲಿ ಮನೆ ತಲುಪುತ್ತದೆ: ಪೇಪರಿನೊಳಗಿಟ್ಟ ಕರಪತ್ರ, ಮೈಕು ಕಟ್ಟಿದ ಆಟೋ, ಮೊಬೈಲಿನ ವಾಟ್ಸ್ಆ್ಯಪ್. ಒಂದೊಂದು ಧಾಟಿಗೂ ಒಂದೊಂದನ್ನು ನುಂಗಿಹಾಕುವ ಗುಣವಿದೆ. ಅದು ಗೊತ್ತಿರದೆ ಬರೆದರೆ ಕೆಡುತ್ತದೆ.

ಕರಪತ್ರಕ್ಕೆ ಹೊಂದುವುದು ಮದುವೆ ಆಮಂತ್ರಣದ ಧಾಟಿ. ಹಾಸನ ಸೀಮೆಯಲ್ಲಿ ಅಂಗಡಿಯ ಪ್ರಾರಂಭೋತ್ಸವವಾಗಲಿ ಗೃಹಪ್ರವೇಶವಾಗಲಿ ಕಾಗದ ಶುರುವಾಗುವುದು ಮನೆದೇವರ ಹೆಸರಿನಿಂದಲೇ. ಹೊಳೆನರಸೀಪುರದಲ್ಲಿ ಅದು ಸಾಮಾನ್ಯವಾಗಿ ನರಸಿಂಹಸ್ವಾಮಿ. ಹಿರಿಯರು ಈ ಕಾಗದವನ್ನು ಮಡಿಚಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸುತ್ತಾರೆ, ಬಿಸಾಡುವುದಿಲ್ಲ. ಹತ್ತು ದಿನ ಮನೆಯಲ್ಲಿ ಉಳಿಯುವ ಜಾಹೀರಾತು ಇದೊಂದೇ.

‘ಶ್ರೀ ಲಕ್ಷ್ಮೀನರಸಿಂಹಸ್ವಾಮಿ ಪ್ರಸನ್ನ. ಮಾನ್ಯರೇ, ವಿಶ್ವಾವಸು ನಾಮ ಸಂವತ್ಸರದ ಆಶ್ವಯುಜ ಶುದ್ಧ ಪಾಡ್ಯ ಸೋಮವಾರ, 22-9-2025ರಿಂದ ವಿಜಯದಶಮಿ ಗುರುವಾರ, 2-10-2025ರವರೆಗೆ ನಮ್ಮ ಅಂಗಡಿಯಲ್ಲಿ ದಸರಾ ಮಾರಾಟವನ್ನು ಏರ್ಪಡಿಸಿದ್ದೇವೆ. ಆಯುಧಪೂಜೆಗೆ ಮನೆಗೊಂದು ಹೊಸ ಸಾಮಾನು ತರುವ ತಾವುಗಳು ಕುಟುಂಬ ಸಮೇತರಾಗಿ ದಯಮಾಡಿಸಬೇಕಾಗಿ ವಿನಂತಿ. 43 ಇಂಚಿನ ಟಿವಿ ರೂ. 29,500. 190 ಲೀಟರ್ ಫ್ರಿಜ್ ರೂ. 15,500. ಹಳೇ ಮಿಕ್ಸಿ ಕೊಟ್ಟು ಹೊಸ ಮಿಕ್ಸಿ ಪಡೆಯುವವರಿಗೆ ರೂ. 3,600. ಹೋಬಳಿಯ ಯಾವ ಊರಿಗಾದರೂ ಉಚಿತವಾಗಿ ತಲುಪಿಸಲಾಗುವುದು. ತಮ್ಮ ಆಗಮನಾಭಿಲಾಷಿಗಳು...’

ಈ ಧಾಟಿ ನುಂಗುವುದು ಬೆಲೆಯನ್ನು. ‘ದಯಮಾಡಿಸಬೇಕಾಗಿ ವಿನಂತಿ’ ಎಂದು ಬರೆದ ಕೈ ಮುಂದಿನ ಸಾಲಿಗೆ 15,500 ಎಂದು ಬರೆಯಲು ಹಿಂಜರಿಯುತ್ತದೆ. ಆಮಂತ್ರಣದಲ್ಲಿ ದುಡ್ಡಿನ ಮಾತೆತ್ತುವುದು ನಮಗೆ ಸಂಕೋಚ. ಆ ಸಂಕೋಚಕ್ಕೆ ಬರಹಗಾರ ‘ವಿಶೇಷ ರಿಯಾಯಿತಿ’, ‘ಆಕರ್ಷಕ ಕೊಡುಗೆಗಳು’, ‘ನಂಬಲಾಗದ ದರಗಳು’ ಎಂದು ಬರೆದುಕೊಂಡು ಹೋಗಿ ಕಾಗದ ತುಂಬಿಸಿಬಿಡುತ್ತಾನೆ. ಇಡೀ ಕಾಗದ ಓದಿದ ಮನೆಯೊಡತಿಗೆ ಫ್ರಿಜ್ಜು ಎಷ್ಟೆಂದು ತಿಳಿದಿರುವುದಿಲ್ಲ. ಅದಕ್ಕೆ ಮೇಲಿನ ಕರಪತ್ರದಲ್ಲಿ ವಿನಂತಿ ಮುಗಿದ ಕೂಡಲೇ ಗುಣವಾಚಕಗಳನ್ನೆಲ್ಲ ಬಿಟ್ಟು ಬರೀ ಸಾಮಾನು ಮತ್ತು ರೂಪಾಯಿ ಇಟ್ಟಿದ್ದೇನೆ. ದೇವರ ಹೆಸರಿನ ಕೆಳಗೆ ಬೆಲೆ ಬರೆದರೆ ದೇವರಿಗೇನೂ ಬೇಜಾರಿಲ್ಲ.

ತಿಥಿಯ ಜೊತೆ ಇಂಗ್ಲಿಷ್ ತಾರೀಖನ್ನೂ ಹಾಕಿರುವುದಕ್ಕೆ ಕಾರಣವಿದೆ. ವಿಜಯದಶಮಿ ಯಾವತ್ತೆಂದು ಅಜ್ಜಿಗೆ ಗೊತ್ತು, ದುಡ್ಡು ಕೊಡುವ ಮೊಮ್ಮಗನಿಗೆ ಗೊತ್ತಿರುವುದಿಲ್ಲ.

ಸಂದರ್ಭಕ್ಕೆ ತಕ್ಕಂತೆ ಈ ಧಾಟಿಯಲ್ಲಿ ಸಾಮಾನೂ ಬದಲಾಗಬೇಕು. ಗೌರಿ ಹಬ್ಬಕ್ಕೆ ತವರಿನ ಬಾಗಿನದ ಮಾತು ಮಿಕ್ಸಿಗೆ ಹೊಂದುತ್ತದೆ, ಅಣ್ಣ ತಂಗಿಗೆ ಕೊಡಬಹುದಾದ ಬೆಲೆಯ ವಸ್ತು ಅದು. ಆಯುಧಪೂಜೆಗೆ ಬೂದುಗುಂಬಳ ಒಡೆಯುವ, ಟ್ರ್ಯಾಕ್ಟರಿಗೆ ಹೂವು ಹಾಕುವ ಮನೆಗಳಲ್ಲಿ ಯಂತ್ರ ಎಂದ ಕೂಡಲೇ ಮಿಕ್ಸಿ, ವಾಷಿಂಗ್ ಮಷಿನ್ನು, ಪಂಪ್‌ಸೆಟ್ಟು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ದೀಪಾವಳಿಗೆ ಹಾಸನದ ದೊಡ್ಡ ಶೋರೂಮುಗಳ ಪೈಪೋಟಿ ಜೋರು. ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ ಬಾಗಿಲು ತೆರೆಯುವುದು ಆ ಹೊತ್ತಿಗೇ. ದರ್ಶನಕ್ಕೆ ಹೋದ ಸಂಸಾರ ಬರುವಾಗ ಅಲ್ಲೇ ಟಿವಿ ನೋಡಿಕೊಂಡು ಬರುತ್ತದೆ. ಹೋಬಳಿಯ ಅಂಗಡಿಯವನು ತನ್ನ ಕರಪತ್ರದ ದುಡ್ಡನ್ನು ದಸರಾಕ್ಕೆ ಖರ್ಚು ಮಾಡುವುದೇ ಜಾಣತನ ಎಂದು ನನ್ನ ಎಣಿಕೆ.

ಕರಪತ್ರದ ತಳದಲ್ಲಿ ಬರುವ ಒಂದು ನಕ್ಷತ್ರದ ಗುರುತಿನ ಬಗ್ಗೆ ಇಲ್ಲೇ ಹೇಳಬೇಕು. ಇಡೀ ಕಾಗದ ಕನ್ನಡದಲ್ಲಿದ್ದು ಕೊನೆಯಲ್ಲಿ ಸಾಸಿವೆ ಗಾತ್ರದ ಇಂಗ್ಲಿಷಿನಲ್ಲಿ ‘ಕಂಡೀಷನ್ಸ್ ಅಪ್ಲೈ’ ಎಂದಿರುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನಿನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಇದು ನಡೆಯುವುದಿಲ್ಲ. ಕೊಡುಗೆಯ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು, ಅದೇ ಬಗೆಯ ಅಕ್ಷರದಲ್ಲಿರಬೇಕು, ಎದ್ದು ಕಾಣಬೇಕು. ದಿಕ್ಕು ತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹತ್ತು ಲಕ್ಷ ರೂಪಾಯಿವರೆಗೆ ದಂಡವಿದೆ. ‘ಉಚಿತ’ ಎಂಬುದಕ್ಕೂ ಅದೇ ಮಾರ್ಗಸೂಚಿಯಲ್ಲಿ ಅಳತೆ ಇದೆ. ಫ್ರಿಜ್ಜಿನ ಬೆಲೆಗೆ ಐನೂರು ಏರಿಸಿ ಜೊತೆಗೆ ಐನೂರರ ಕೆಟಲ್ಲು ಕೊಟ್ಟರೆ ಅದು ಉಚಿತವಲ್ಲ. ಲಕ್ಕಿ ಡ್ರಾ ಕೂಪನ್ನಿನ ಆಸೆಯಂತೂ ಬಿಡುವುದೇ ಒಳ್ಳೆಯದು. ಮಾರಾಟ ಹೆಚ್ಚಿಸಲು ಅದೃಷ್ಟದ ಆಟ ಏರ್ಪಡಿಸುವುದನ್ನು 2019ರ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲೇ ಇಟ್ಟಿದೆ, ಊರೂರಿನ ಹಬ್ಬದ ಮಾರಾಟದಲ್ಲಿ ಬೈಕು ನಿಲ್ಲಿಸಿ ಡ್ರಾ ನಡೆಸುವವರು ಅದನ್ನು ಓದಿದಂತೆ ಕಾಣುವುದಿಲ್ಲ.

ಎರಡನೆಯದು ಆಟೋದ ಧಾಟಿ. ಸಂತೆಯ ದಿನ ಬೆಳಗ್ಗೆ ಮೈಕು ಕಟ್ಟಿಕೊಂಡು ಊರೂರು ಸುತ್ತುವ ಆಟೋಕ್ಕೆ ಬರೆಯುವುದು ಇದ್ದುದರಲ್ಲಿ ಕಷ್ಟದ ಕೆಲಸ. ಕಾಗದದ ಮೇಲೆ ಚೆನ್ನಾಗಿದ್ದ ಸಾಲು ಮೈಕಿನಲ್ಲಿ ಸತ್ತುಹೋಗುತ್ತದೆ. ಯಾಕೆಂದು ಲೆಕ್ಕ ಹಾಕಿ ನೋಡಬಹುದು. ಆಟೋ ಗಂಟೆಗೆ 15 ಕಿಲೋಮೀಟರಿನಂತೆ ಹೋದರೆ ಸೆಕೆಂಡಿಗೆ ನಾಲ್ಕು ಮೀಟರು ದಾಟುತ್ತದೆ. ಬಾಗಿಲಲ್ಲಿ ನಿಂತವಳಿಗೆ ಮಾತು ಬಿಡಿಬಿಡಿಯಾಗಿ ಕೇಳುವುದು ಬರುವಾಗ ನಲವತ್ತು ಮೀಟರು, ಹೋಗುವಾಗ ನಲವತ್ತು ಮೀಟರು ಎಂದಿಟ್ಟುಕೊಂಡರೆ ಒಟ್ಟು ಇಪ್ಪತ್ತು ಸೆಕೆಂಡು. ಮೈಕಿನ ಕನ್ನಡ ಸೆಕೆಂಡಿಗೆ ಒಂದೂವರೆ ಪದಕ್ಕಿಂತ ಜೋರಾಗಿ ಓಡಿದರೆ ಗೊಜಗೊಜ ಎನ್ನುತ್ತದೆ. ಅಲ್ಲಿಗೆ ಕೈಯಲ್ಲಿರುವುದು ಮೂವತ್ತು ಪದ. ಆ ಮೂವತ್ತನ್ನು ಅವಳು ಎಲ್ಲಿಂದ ಕೇಳಲು ಶುರುಮಾಡುತ್ತಾಳೋ ಗೊತ್ತಿಲ್ಲ.

ಕನ್ನಡದ ವಾಕ್ಯಕ್ಕೆ ಕ್ರಿಯಾಪದ ಬರುವುದು ಕೊನೆಗೆ. ‘ಹಳೇಕೋಟೆಯಲ್ಲಿರುವ ನಮ್ಮ ಅಂಗಡಿಯಲ್ಲಿ ದಸರಾ ಹಬ್ಬದ ಪ್ರಯುಕ್ತ ಗ್ರಾಹಕರ ಅನುಕೂಲಕ್ಕಾಗಿ ಏರ್ಪಡಿಸಿರುವ ವಿಶೇಷ ಮಾರಾಟದಲ್ಲಿ...’ ಎಂದು ಶುರುಮಾಡಿದರೆ, ಏನು ಮಾಡಬೇಕು ಎಂಬ ಮಾತು ಬರುವಷ್ಟರಲ್ಲಿ ಆಟೋ ಮುಂದಿನ ಬೀದಿಗೆ ತಿರುಗಿರುತ್ತದೆ. ಆದ್ದರಿಂದ ಒಂದೊಂದು ತುಂಡೂ ತನ್ನಷ್ಟಕ್ಕೆ ಪೂರ್ತಿಯಾಗಿರಬೇಕು. ಎಲ್ಲಿಂದ ಕಿವಿಗೆ ಬಿದ್ದರೂ ಅರ್ಥವಾಗಬೇಕು. ಊರ ಹೆಸರು ಮೊದಲೂ ಬರಬೇಕು, ಕೊನೆಗೂ ಬರಬೇಕು.

ಈ ಧಾಟಿಗೆ ಮೊದಲು ಬರುವ ಸಾಲು ಇದು: ‘ಹಳೇ ಮಿಕ್ಸಿ ತನ್ನಿ, ಹೊಸ ಮಿಕ್ಸಿ ಒಯ್ಯಿರಿ!’ ಲಯ ಚೆನ್ನಾಗಿದೆ, ಮಕ್ಕಳು ಬೀದಿಯಲ್ಲಿ ಅದನ್ನೇ ಕೂಗಿಕೊಂಡು ಓಡಾಡುತ್ತವೆ. ಆದರೆ ದುಡ್ಡಿನ ಮಾತು ಅದರಲ್ಲಿಲ್ಲ. ಬೇರೇನೂ ಕೇಳದೆ ಆ ತುಂಡನ್ನಷ್ಟೇ ಕೇಳಿದವರು ಅಟ್ಟದ ಮೇಲಿದ್ದ ಸುಟ್ಟ ಮಿಕ್ಸಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ ಬರುತ್ತಾರೆ. ಅವರು ಕೇಳಿಸಿಕೊಂಡದ್ದರಲ್ಲಿ ತಪ್ಪೇನಿಲ್ಲ. ಈ ಧಾಟಿ ನುಂಗುವುದು ಷರತ್ತನ್ನು. ಮೈಕಿಗೆ ನಕ್ಷತ್ರದ ಗುರುತು ಹಾಕಲು ಬರುವುದಿಲ್ಲವಲ್ಲ, ಷರತ್ತನ್ನು ಲಯದೊಳಕ್ಕೇ ತರಬೇಕು.

‘ಹಳೇಕೋಟೆಯಲ್ಲಿ ದಸರಾ ಮಾರಾಟ! ಹಳೇ ಮಿಕ್ಸಿ ಕೊಡಿ, ಮೂರು ಸಾವಿರದ ಆರುನೂರು ಕೊಡಿ, ಹೊಸ ಮಿಕ್ಸಿ ಹಿಡ್ಕೊಂಡು ಹೋಗಿ! ಫ್ರಿಜ್ಜು ಹದಿನೈದೂವರೆ ಸಾವಿರ! ದೊಡ್ಡ ಟಿವಿ ಇಪ್ಪತ್ತೊಂಬತ್ತೂವರೆ ಸಾವಿರ! ವಿಜಯದಶಮಿವರೆಗೆ, ಅಷ್ಟೇ! ಹಳೇಕೋಟೆಯಲ್ಲಿ ದಸರಾ ಮಾರಾಟ!’

ಮೂವತ್ತು ಪದದೊಳಗೆ ನಿಂತಿದೆ. ಎರಡು ಸಲ ಬರುವ ‘ಕೊಡಿ’ಯೇ ಇಲ್ಲಿ ಲಯ, ಅದೇ ಷರತ್ತು. ‘ಹದಿನೈದು ಸಾವಿರದ ಐನೂರು’ ಎನ್ನದೆ ‘ಹದಿನೈದೂವರೆ ಸಾವಿರ’ ಎಂದದ್ದು ಜನ ಬಾಯಲ್ಲಿ ಹಾಗೇ ಹೇಳುವುದರಿಂದ, ಒಂದು ಪದವೂ ಉಳಿಯಿತು. ಟಿವಿಯ ಇಂಚನ್ನು ಬಿಟ್ಟಿದ್ದೇನೆ. ಇಂಚೂ ರೂಪಾಯಿಯೂ ಬೆನ್ನಿಗೆ ಬೆನ್ನು ಬಂದರೆ ಮೈಕಿನಲ್ಲಿ ನಲವತ್ತಮೂರು ಸಾವಿರವೋ ಇಪ್ಪತ್ತೊಂಬತ್ತು ಇಂಚೋ ಎಂದು ಕಲಸಿಹೋಗುತ್ತದೆ. ತೆರಿಗೆಯ ಹೆಸರನ್ನೇ ಎತ್ತಿಲ್ಲ. ಯಾವುದಕ್ಕೆ ಇಳಿಯಿತು ಯಾವುದಕ್ಕೆ ಇಳಿಯಲಿಲ್ಲ ಎಂದು ಇಪ್ಪತ್ತು ಸೆಕೆಂಡಿನಲ್ಲಿ ಹೇಳಲಾಗುವುದಿಲ್ಲ, ಅರ್ಧ ಹೇಳುವುದಕ್ಕಿಂತ ಸುಮ್ಮನಿರುವುದು ವಾಸಿ.

‘ಮೂರು ಸಾವಿರದಿಂದ ಆರಂಭ’ ಎಂಬ ಇನ್ನೊಂದು ಹಳೇ ಚಟವಿದೆ. ಆ ಬೆಲೆಯ ಮಿಕ್ಸಿ ಅಂಗಡಿಯಲ್ಲಿ ಇರುವುದು ಎರಡೇ ಎರಡು. ಬಂದವರಿಗೆ ‘ಅದು ಖಾಲಿಯಾಯ್ತಕ್ಕ, ಇದು ನೋಡಿ’ ಎಂದು ಐದು ಸಾವಿರದ್ದನ್ನು ತೋರಿಸುತ್ತಾರೆ. 2022ರ ಮಾರ್ಗಸೂಚಿ ಇದನ್ನು ಆಮಿಷದ ಜಾಹೀರಾತು ಎಂದೇ ಕರೆದು, ಹೇಳಿದ ಬೆಲೆಗೆ ಸಾಕಷ್ಟು ಮಾಲು ಇರಬೇಕು ಎನ್ನುತ್ತದೆ. ಕಡಿಮೆ ಮಾಲು ಇದ್ದರೆ ‘ಇಪ್ಪತ್ತೇ ಮಿಕ್ಸಿ’ ಎಂದು ಕೂಗಿಬಿಡಿ. ಅದರಿಂದ ಜನ ಬೇಗ ಬರುತ್ತಾರೆಯೇ ಹೊರತು ಬಾರದೆ ಇರುವುದಿಲ್ಲ.

ಮೂರನೆಯದು ನೆರೆಮನೆಯ ಧಾಟಿ. ಇದು ವಾಟ್ಸ್ಆ್ಯಪ್ ಗುಂಪಿಗೆ ಹೋಗುವುದು, ಅಂಗಡಿಯವನೇ ಕೂತು ಮಾತಾಡಿದ ಹಾಗೆ. ಇದನ್ನು ಗ್ರಂಥದ ಭಾಷೆಯಲ್ಲಿ ಬರೆದರೆ ಯಾರೋ ಕಂಪನಿಯವರು ಕಳಿಸಿದ್ದೆಂದು ಅಳಿಸಿಹಾಕುತ್ತಾರೆ. ಇಲ್ಲಿ ಜಾಗದ ಕೊರತೆ ಇಲ್ಲ, ಆದ್ದರಿಂದ ಬೇರೆ ಎರಡು ಧಾಟಿಯಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳಬೇಕು.

‘ಅಕ್ಕಂದಿರಿಗೆ, ಅಣ್ಣಂದಿರಿಗೆ ನಮಸ್ಕಾರ. ಇದು ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2ರ ತನಕದ ರೇಟು. 43 ಇಂಚಿನ ಟಿವಿ 32,000 ಇತ್ತು, ತೆರಿಗೆ ಇಳಿದು 29,500 ಆಗಿದೆ. ಫ್ರಿಜ್ಜಿಗೆ ತೆರಿಗೆ ಇಳಿದಿಲ್ಲ, ನಾವೇ ಒಂದು ಸಾವಿರ ಬಿಟ್ಟು 15,500ಕ್ಕೆ ಕೊಡ್ತಾ ಇದ್ದೀವಿ. ಮಿಕ್ಸಿ 750 ವ್ಯಾಟ್, ಮೂರು ಜಾರು, 4,200. ಹಳೇದು ಕೊಟ್ರೆ 3,600. ಹಳೇದು ಕೆಟ್ಟಿದ್ರೂ ಪರವಾಗಿಲ್ಲ, ಮೋಟಾರು ಒಳಗಿರಬೇಕು. ಕಂತಿನ ಮೇಲೆ ಬೇಕು ಅಂದ್ರೆ ಟಿವಿಗೆ, ಫ್ರಿಜ್ಜಿಗೆ ಉಂಟು, ಮಿಕ್ಸಿಗೆ ಇಲ್ಲ. ಟಿವಿಗೆ ತಿಂಗಳಿಗೆ 2,950ರಂತೆ ಹತ್ತು ಕಂತು, ಜೊತೆಗೆ ಫೈನಾನ್ಸ್‌ನವರ ಚಾರ್ಜು 590 ಒಂದು ಸಲ. ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್ ತನ್ನಿ. ಹೋಬಳಿ ಒಳಗೆ ನಾವೇ ತಂದು ಇಳಿಸ್ತೀವಿ, ದುಡ್ಡು ಬೇಡ.’

ಇದರಲ್ಲಿ ಕಂತಿನ ಸಾಲನ್ನು ಬರೆಯುವಾಗ ಅಂಗಡಿಯವರು ಹಟ ಹಿಡಿಯುವುದು ‘ಬಡ್ಡಿ ಇಲ್ಲ, ಒಂದು ರೂಪಾಯಿ ಹೆಚ್ಚಿಲ್ಲ’ ಎಂದು ಹಾಕಬೇಕೆಂದು. ಹತ್ತು ಕಂತು ಸೇರಿ 29,500 ಆಗುತ್ತದೆ ನಿಜ. 590 ಸೇರಿದರೆ 30,090. ಒಂದು ರೂಪಾಯಿ ಹೆಚ್ಚಿಲ್ಲ ಎಂದವನು 590 ಈಸಿಕೊಂಡ ಹಾಗಾಯಿತು. ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಇದನ್ನು ಬಿಡಿಸಿ ಹೇಳಿತ್ತು: ಶೂನ್ಯ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಸಂಸ್ಕರಣಾ ಶುಲ್ಕದ ವೇಷದಲ್ಲಿ ವಸೂಲು ಮಾಡುವುದು ಸಲ್ಲದು. ಫೈನಾನ್ಸ್ ಕಂಪನಿಗಳ ಕಂತಿನಲ್ಲಿ ಸಾಮಾನ್ಯವಾಗಿ ಬಡ್ಡಿಯನ್ನು ತಯಾರಕರೋ ಅಂಗಡಿಯವರೋ ತುಂಬಿಕೊಡುತ್ತಾರೆ. ಹಾಗೆ ತುಂಬಿಕೊಡುವ ದುಡ್ಡು ರೊಕ್ಕ ಎಣಿಸುವವನಿಗೆ ಬಿಡಬಹುದಾಗಿದ್ದ ದುಡ್ಡೇ. ಅದನ್ನೆಲ್ಲ ಜಾಹೀರಾತಿನಲ್ಲಿ ಬರೆಯಬೇಕಿಲ್ಲ, 590 ಬರೆದರೆ ಸಾಕು.

ಕಂತಿನ ಮಾತು ಯಾರಿಗೆ ಹೇಳುತ್ತಿದ್ದೇವೆ ಎಂಬುದೂ ಮುಖ್ಯ. ಡೇರಿಗೆ ಹಾಲು ಹಾಕುವ ಮನೆಗೆ ಬಟವಾಡೆ ತಪ್ಪದೆ ಬರುತ್ತದೆ, ತಿಂಗಳಿಗೆ 2,950 ಅಲ್ಲಿ ಹೊಂದುತ್ತದೆ. ಚನ್ನರಾಯಪಟ್ಟಣದ ಕಡೆ ತೆಂಗು ಇರುವವರಿಗೂ ಕಾಯಿ ಕಿತ್ತಾಗಲೆಲ್ಲ ಅಷ್ಟಿಷ್ಟು ಕೈ ಸೇರುತ್ತದೆ. ಅರಕಲಗೂಡಿನ ಕಡೆ ಹೊಗೆಸೊಪ್ಪು ಬೆಳೆಯುವ ಮನೆ ಹಾಗಲ್ಲ. ರಾಮನಾಥಪುರದ ಹರಾಜು ಕಟ್ಟೆಯಲ್ಲಿ ಬೇಲು ಬಿದ್ದು ದುಡ್ಡು ಖಾತೆಗೆ ಬಂದಾಗ ಒಟ್ಟಿಗೇ ಬರುತ್ತದೆ, ಆಮೇಲೆ ತಿಂಗಳುಗಟ್ಟಲೆ ಬರುವುದಿಲ್ಲ. ಅವರಿಗೆ ಹತ್ತು ತಿಂಗಳ ಕಂತು ಹಾಕಿಸಿದರೆ ಏಪ್ರಿಲ್, ಮೇ ಹೊತ್ತಿಗೆ ಖಾತೆಯಲ್ಲಿ ದುಡ್ಡಿಲ್ಲದೆ ಕಂತು ಬೌನ್ಸ್ ಆಗಿ ದಂಡ ಬೀಳುತ್ತದೆ. ಹಾಲಿನ ಸಂಘದ ಗುಂಪಿಗೆ ಕಂತಿನ ಸಾಲು ಇರಲಿ. ಹೊಗೆಸೊಪ್ಪಿನ ಊರುಗಳ ಗುಂಪಿಗೆ ಕಳಿಸುವಾಗ ಅದನ್ನು ತೆಗೆದು, ‘ಈಗ ಸಾವಿರ ಕೊಟ್ಟು ಹೆಸರು ಬರೆಸಿ, ಹರಾಜಿನ ದುಡ್ಡು ಬಂದಮೇಲೆ ಒಯ್ಯಿರಿ, ಬೆಲೆ ಇದೇ’ ಎಂದು ಹಾಕಿದರೆ ಚೆನ್ನ. ಆಗ ಅಕ್ಟೋಬರ್ 2ರ ಗಡುವು ಹೆಸರು ಬರೆಸುವುದಕ್ಕೆ, ಒಯ್ಯುವುದಕ್ಕಲ್ಲ ಎಂಬುದನ್ನೂ ಬರೆಯಬೇಕು.

ನೆರೆಮನೆಯ ಧಾಟಿಯ ಅಪಾಯ ಬೇರೆ ಬಗೆಯದು. ಇದು ನುಂಗುವುದು ಲೆಕ್ಕವನ್ನು. ಸಲಿಗೆಯಲ್ಲಿ ಮಾತು ಜಾರುತ್ತದೆ. ‘ಕರೆಂಟು ಹೇಗೂ ಫ್ರೀ ಅಲ್ವೇನಕ್ಕ, ಫ್ರಿಜ್ಜು ತಗೊಳ್ಳಿ’ ಎಂಬ ಮಾತು ಅಂಗಡಿಯ ಕಟ್ಟೆಯಲ್ಲಿ ದಿನಾ ಕೇಳುತ್ತದೆ, ಜಾಹೀರಾತಿಗೂ ನುಸುಳುತ್ತದೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ಎಂಬುದು ಮೇಲಿನ ಮಿತಿ. ಒಂದೊಂದು ಮನೆಗೆ ಸಿಗುವ ಪಾಲನ್ನು 2022-23ರ ಸರಾಸರಿ ಬಳಕೆಯ ಮೇಲೆ ಗೊತ್ತು ಮಾಡಿದ್ದಾರೆ. ಕಡಿಮೆ ಬಳಸುವ ಮನೆಗಳಿಗೆ ಆ ಸರಾಸರಿಯ ಮೇಲೆ ಹತ್ತು ಯೂನಿಟ್ ಸೇರಿಸಿ ಕೊಡುತ್ತಾರೆ. ಫ್ರಿಜ್ ಇಲ್ಲದ ಮನೆಯೊಂದು ತಿಂಗಳಿಗೆ 40 ಯೂನಿಟ್ ಸುಡುತ್ತಿತ್ತು ಎನ್ನಿ, ಅದರ ಪಾಲು 50. ಒಂದು ಬಾಗಿಲ ಫ್ರಿಜ್ಜು ವರ್ಷಕ್ಕೆ 180 ಯೂನಿಟ್ ಎಳೆಯುತ್ತದೆಂದರೆ ತಿಂಗಳಿಗೆ 15. ನಲವತ್ತಕ್ಕೆ ಹದಿನೈದು ಸೇರಿ 55 ಆಯಿತು. ಮೇಲಿನ ಐದು ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ದೊಡ್ಡ ಮೊತ್ತವಲ್ಲ, ಆದರೆ ಇಷ್ಟು ದಿನ ಸೊನ್ನೆ ಬರುತ್ತಿದ್ದ ಬಿಲ್ಲಿನಲ್ಲಿ ರೂಪಾಯಿ ಕಂಡಾಗ ಆ ಅಕ್ಕ ವಿದ್ಯುತ್ ಕಚೇರಿಗೆ ಹೋಗುವುದಿಲ್ಲ, ಫ್ರಿಜ್ಜು ಕೊಟ್ಟವನ ಅಂಗಡಿಗೇ ಬರುತ್ತಾಳೆ. ಬೇಕಾದರೆ ಹೀಗೆ ಬರೆಯಬಹುದು: ‘ಈ ಫ್ರಿಜ್ಜು ತಿಂಗಳಿಗೆ 15 ಯೂನಿಟ್ ಎಳೆಯುತ್ತೆ, ನಿಮ್ಮ ಬಿಲ್ಲು ತನ್ನಿ, ಫ್ರೀ ಒಳಗೆ ಬರುತ್ತೋ ಇಲ್ವೋ ನೋಡಿ ಹೇಳ್ತೀವಿ.’ ವರ್ಷಕ್ಕೆ ಎಷ್ಟು ಯೂನಿಟ್ ಎಂಬುದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಸ್ಟಾರ್ ಚೀಟಿಯಲ್ಲೇ ಇರುತ್ತದೆ. ಆ ಚೀಟಿಯಲ್ಲಿ ವರ್ಷವೂ ಇರುತ್ತದೆ, ಅದನ್ನೂ ನೋಡಿಕೊಳ್ಳಬೇಕು. ಸ್ಟಾರಿನ ಅಳತೆಯನ್ನು ಆಗಾಗ ಬಿಗಿ ಮಾಡುವುದರಿಂದ ಹಳೇ ಸ್ಟಾಕಿನ ನಾಲ್ಕು ಸ್ಟಾರು ಇವತ್ತಿನ ನಾಲ್ಕು ಸ್ಟಾರಿಗೆ ಸಮವಾಗಿರಬೇಕೆಂದಿಲ್ಲ.

ಮೂರರಲ್ಲಿ ಯಾವುದು ಕೆಲಸ ಮಾಡಿತು ಎಂದು ತಿಳಿಯಲು ದೊಡ್ಡ ಉಪಾಯ ಬೇಡ. ಬಂದವರನ್ನು ‘ಯಾವುದಕ್ಕೆ ಬಂದಿರಿ’ ಎಂದು ಕೇಳುವ ಮೊದಲು ಅವರು ಬಾಯಿಬಿಡುವ ಮೊದಲ ಮಾತನ್ನು ಬಿಲ್ ಬುಕ್ಕಿನ ಮೂಲೆಯಲ್ಲಿ ಗುರುತು ಮಾಡಿಕೊಂಡರೆ ಆಯಿತು. ‘ಪೇಪರಲ್ಲಿ ಹಾಕಿದ್ರಲ್ಲ’ ಎಂದರೆ ಕರಪತ್ರ. ‘ಹಳೇ ಮಿಕ್ಸಿ ತಂದಿದ್ದೀನಿ’ ಎಂದು ಚೀಲ ಇಳಿಸಿದರೆ ಬಹುಮಟ್ಟಿಗೆ ಆಟೋ. ಮೊಬೈಲ್ ತೆಗೆದು ತೋರಿಸಿದರೆ ಹೇಳಬೇಕಿಲ್ಲ. ಬರುವ ವರ್ಷ ಸಾವಿರ ಕರಪತ್ರ ಹೆಚ್ಚು ಹೊಡೆಸಬೇಕೋ ಆಟೋ ಎರಡು ದಿನ ಹೆಚ್ಚು ಸುತ್ತಬೇಕೋ ಎಂಬುದಕ್ಕೆ ಆ ಗುರುತುಗಳೇ ಸಾಕ್ಷಿ.

ಹಬ್ಬ ಮುಗಿದ ಮೇಲಿನ ಒಂದು ಕೆಲಸವನ್ನು ಬಹಳ ಜನ ಮರೆಯುತ್ತಾರೆ. ಕರಪತ್ರ ತಾನಾಗಿ ರದ್ದಿ ಸೇರುತ್ತದೆ, ಆಟೋ ನಿಂತುಹೋಗುತ್ತದೆ. ವಾಟ್ಸ್ಆ್ಯಪ್ ಸಂದೇಶ ಮಾತ್ರ ಗುಂಪಿನಿಂದ ಗುಂಪಿಗೆ ಹೋಗುತ್ತಲೇ ಇರುತ್ತದೆ, ಸಂಕ್ರಾಂತಿಗೂ ಯಾರೋ ಅದನ್ನೇ ಹಿಡಿದು ಬರುತ್ತಾರೆ. ತಾರೀಖನ್ನು ನಮಸ್ಕಾರದ ಬೆನ್ನಿಗೇ, ಬೆಲೆಗಳಿಗಿಂತ ಮೊದಲು ಇಟ್ಟದ್ದು ಅದಕ್ಕೇ. ಅಕ್ಟೋಬರ್ 3ರ ಬೆಳಗ್ಗೆ ಅದೇ ಗುಂಪುಗಳಿಗೆ ‘ದಸರಾ ರೇಟು ನಿನ್ನೆಗೆ ಮುಗೀತು, ಟಿವಿ ಮಾತ್ರ 29,500ರಲ್ಲೇ ಇದೆ, ಅದು ತೆರಿಗೆ ಇಳಿದ ಬೆಲೆ’ ಎಂದು ಇನ್ನೊಂದು ಸಾಲು ಕಳಿಸಬೇಕು. ಫ್ರಿಜ್ಜು ಅಂದಿನಿಂದ ಮತ್ತೆ 16,500.